ಅಂಗಡಿಯ ಪಾಸ್‌ವರ್ಡ್ ಎಲ್ಲರಿಗೂ ಗೊತ್ತೇ?

2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಅವರ ಪತ್ನಿ ಪ್ರಿಯಾಂಕಾ ಅವರಿಗೆ ಪಾರ್ಸೆಲ್ ತಲುಪಿಸುವವರ ಸೋಗಿನಲ್ಲಿ ಒಂದು ಕರೆ ಬಂತು. * ಮತ್ತು # ಇರುವ ಸಂಖ್ಯೆಯೊಂದನ್ನು ಒತ್ತಿಸಿದರು. ಆಮೇಲೆ ಅವರ ವಾಟ್ಸ್‌ಆ್ಯಪ್‌ನಿಂದ ಪರಿಚಯದವರಿಗೆ ದುಡ್ಡು ಕೇಳುವ ಸಂದೇಶಗಳು ಹೋಗತೊಡಗಿದವು. ಇಂಥ ಸಂಖ್ಯೆ ಒತ್ತಿಸುವ ವಂಚಕರ ಗುರಿ ಸಾಮಾನ್ಯವಾಗಿ ಕಾಲ್ ಫಾರ್ವರ್ಡ್ ಮಾಡಿಸುವುದು. ನಿಮಗೆ ಬರಬೇಕಾದ ಕರೆ ಅವರಿಗೆ ಹೋಗುತ್ತದೆ, ವಾಟ್ಸ್‌ಆ್ಯಪ್‌ನ ಪರಿಶೀಲನಾ ಕೋಡ್ ಕರೆಯಲ್ಲಿ ಬಂದರೆ ಅದೂ ಅವರ ಕಿವಿಗೇ ಬೀಳುತ್ತದೆ.

ಸಿನಿಮಾದವರಿಗೆ ಬಂದ ಕರೆ ಕೊಳ್ಳೇಗಾಲದ ಸೀರೆ ಅಂಗಡಿಗೂ ಬರುತ್ತದೆ. ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಮುಖ್ಯ ಮಳಿಗೆ, ಹನೂರು ಮತ್ತು ಯಳಂದೂರಿನಲ್ಲಿ ಒಂದೊಂದು ಶಾಖೆ, ಒಟ್ಟು ಏಳು ಜನ. ಆರ್ಡರ್ ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ, ಲೆಕ್ಕ ಟ್ಯಾಲಿಯಲ್ಲಿ, ಮಾಲು ಹೊರಟರೆ ಇ-ವೇ ಬಿಲ್. ಇವಕ್ಕೆಲ್ಲ ಇರುವುದು ಒಂದೇ ಪಾಸ್‌ವರ್ಡ್, Madappa@123. ಅದು ಏಳು ಜನಕ್ಕೂ ಗೊತ್ತು, ಕಳೆದ ವರ್ಷ ಕೆಲಸ ಬಿಟ್ಟು ಹೋದ ಹುಡುಗನಿಗೂ ಗೊತ್ತು. ಇಂಥ ಅಂಗಡಿಗೆ ನಲವತ್ತು ಪುಟದ ಸೈಬರ್ ಸುರಕ್ಷತಾ ನೀತಿ ಬೇಡ. ಎಲ್ಲರೂ ಓದಿ ಸಹಿ ಹಾಕುವಂಥ ಒಂದೆರಡು ಹಾಳೆ ಸಾಕು. ಅದನ್ನು ಬರೆಯುವುದು ಹೇಗೆಂದು ನೋಡೋಣ.

ಮೊದಲು ಪಾಸ್‌ವರ್ಡ್

ಹಾಳೆಯ ಮೊದಲ ಸಾಲು ಹೀಗಿರಲಿ: "ಒಬ್ಬರ ಲಾಗಿನ್ ಇನ್ನೊಬ್ಬರು ಬಳಸುವಂತಿಲ್ಲ, ಮಾಲೀಕರೂ ಸೇರಿ." ಇದು ಆಗದ ಮಾತಲ್ಲ. ಇ-ವೇ ಬಿಲ್ ಪೋರ್ಟಲ್‌ನಲ್ಲಿ ಮುಖ್ಯ ಖಾತೆಯಿಂದ ಲಾಗಿನ್ ಆಗಿ User Management ಒಳಗೆ ಹೋದರೆ ಶಾಖೆಯವರಿಗೆ ಬೇರೆ ಬೇರೆ ಸಬ್-ಯೂಸರ್ ಮಾಡಿಕೊಡಬಹುದು. ಯಳಂದೂರಿನವರಿಗೆ ಬಿಲ್ ತಯಾರಿಸುವ ಅಧಿಕಾರವಷ್ಟೇ ಸಾಕು. ಟ್ಯಾಲಿಯಲ್ಲೂ ಹಾಗೆಯೇ, ಒಬ್ಬೊಬ್ಬರಿಗೆ ಒಂದೊಂದು ಹೆಸರು. ನಾಳೆ ಒಂದು ಬಿಲ್ ತಿದ್ದಿದ್ದು ಕಂಡರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ, ಉಳಿದ ಆರು ಜನ ಅನುಮಾನಕ್ಕೆ ಸಿಕ್ಕುವುದು ತಪ್ಪುತ್ತದೆ.

2025ರ ಏಪ್ರಿಲ್ 1ರಿಂದ ಸಣ್ಣ ವ್ಯಾಪಾರಿಗಳಿಗೂ ಇ-ವೇ ಬಿಲ್ ಲಾಗಿನ್‌ಗೆ ಒಟಿಪಿ ಕಡ್ಡಾಯ. ಹನೂರಿನಿಂದ ಮಾದಪ್ಪನ ಬೆಟ್ಟದ ಕಡೆ ಸಿಗ್ನಲ್ ಕೈಕೊಟ್ಟಾಗ ಒಟಿಪಿ ಬರುವುದು ತಡವಾಗುತ್ತದೆ. ಆಗ "ಅಣ್ಣಾ, ನಿಮ್ಮ ನಂಬರಿಗೇ ತರಿಸಿ ಹೇಳಿಬಿಡಿ" ಎಂದು ಫೋನಿನಲ್ಲಿ ಒಟಿಪಿ ದಾಟಿಸುವ ಅಭ್ಯಾಸ ಶುರುವಾಗುತ್ತದೆ. ವಂಚಕರಿಗೆ ಬೇಕಾದದ್ದೂ ಈ ಅಭ್ಯಾಸವೇ. ಎನ್‌ಐಸಿಯ NIC-GST-Shield ಆ್ಯಪ್ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಫೋನಿನಲ್ಲೇ ಒಟಿಪಿ ಹುಟ್ಟುತ್ತದೆ. ಫೋನಿನ ಗಡಿಯಾರ ಮಾತ್ರ ಸರಿಯಾಗಿರಬೇಕು.

ಪಾಸ್‌ವರ್ಡ್ ಉದ್ದವಾಗಿದ್ದರೆ ಅದೇ ದೊಡ್ಡ ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಜೋಡಿಸಿ, halasu-chakkadi-mungaru-deepa ಎಂಬಂತೆ. ಅಚ್ಚಾಗಿರುವ ಇದನ್ನೇ ಬಳಸಬೇಡಿ. ದೇವರ ಹೆಸರು, ಅಂಗಡಿ ಹೆಸರು, 571440 ಎಂಬ ಪಿನ್‌ಕೋಡ್ ಬೇಡವೇ ಬೇಡ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಹಳೆಯ ನಿಯಮವನ್ನು ನಾನು ಹಾಳೆಯಲ್ಲಿ ಬರೆಯುವುದಿಲ್ಲ. ಹಾಗೆ ಮಾಡಿದರೆ ಜನ ಕೊನೆಯ 1 ಅನ್ನು 2 ಮಾಡುತ್ತಾರೆ, ಅಷ್ಟೇ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯೂ ಸುಮ್ಮನೆ ಬದಲಿಸುವುದು ಬೇಡ, ಸೋರಿಕೆಯಾದಾಗ ಬದಲಿಸಿ ಎನ್ನುತ್ತದೆ. ನೆನಪಿಡಲು ಕಷ್ಟವಾದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಬೀಗ ಹಾಕಿಡಿ. ಕಂಪ್ಯೂಟರಿಗೆ ಅಂಟಿಸಿದ ಚೀಟಿಗಿಂತ ಅದು ಎಷ್ಟೋ ಮೇಲು.

ಫೋನು, ಕಂಪ್ಯೂಟರು

ಆರ್ಡರ್ ಬರುವ ಫೋನು ಅಂಗಡಿಯದ್ದೇ ಆಗಿರಲಿ, ಸಿಮ್ ಅಂಗಡಿಯ ಹೆಸರಲ್ಲಿರಲಿ. ಅದರ ವಾಟ್ಸ್‌ಆ್ಯಪ್‌ನಲ್ಲಿ Settings, ಆಮೇಲೆ Account, ಆಮೇಲೆ Two-step verification ಒತ್ತಿ ಆರು ಅಂಕಿಯ ಪಿನ್ ಇಡಿ. ಕೋಡ್ ಕದ್ದವನಿಗೂ ಈ ಪಿನ್ ಇಲ್ಲದೆ ಖಾತೆ ಪೂರ್ತಿ ಕೈಗೆ ಸಿಗುವುದಿಲ್ಲ. ವಾರಕ್ಕೊಮ್ಮೆ Linked devices ತೆರೆದು, ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಲಾಗ್‌ಔಟ್ ಮಾಡಿ.

ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂದು ಬರುವ ಕಡತದ ಹೆಸರಿನ ಕೊನೆಗೆ .apk ಇದ್ದರೆ ಅದು ಕಾಗದವಲ್ಲ, ಆ್ಯಪ್. ಅಂಗಡಿ ಫೋನಿನಲ್ಲಿ ಅದನ್ನು ಒತ್ತಬಾರದು. ಟ್ಯಾಲಿಯ ದತ್ತಾಂಶವನ್ನು ವಾರಕ್ಕೊಮ್ಮೆ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ, ವೈರು ಕಿತ್ತು ಬೇರೆ ಕಡೆ ಇಡಿ. ಚುಚ್ಚಿಟ್ಟಿದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಜಡಿಯುತ್ತದೆ. ಆ ನಕಲು ನಿಜವಾಗಿ ತೆರೆದುಕೊಳ್ಳುತ್ತದೆಯೇ ಎಂದು ಆಗೊಮ್ಮೆ ಈಗೊಮ್ಮೆ ತೆರೆದು ನೋಡಬೇಕು.

ಮೊದಲ ಗಂಟೆ

ಮೋಸಹೋದ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದಕ್ಕೆ ಹಾಳೆಯಲ್ಲಿ ಅತಿ ಹೆಚ್ಚು ಜಾಗ ಸಲ್ಲಬೇಕು. ನಮ್ಮ ಊಹೆಯ ಅಂಗಡಿಯಲ್ಲಿ ಬೆಳಿಗ್ಗೆ 11ಕ್ಕೆ ಯಳಂದೂರಿನ ಹುಡುಗ ಕೊರಿಯರ್‌ನವರ ಮಾತು ನಂಬಿ *21* ಎಂದು ಶುರುವಾಗುವ ಸಂಖ್ಯೆ ಒತ್ತಿದ. 11.10ಕ್ಕೆ ವಾಟ್ಸ್‌ಆ್ಯಪ್ ತಾನಾಗಿ ಲಾಗ್‌ಔಟ್ ಆಯಿತು. ಗೊತ್ತಾಗುವ ಗುರುತು ಇದೇ. ಜೊತೆಗೆ ಕರೆಗಳು ಬರುವುದೂ ನಿಂತಿರುತ್ತದೆ. ಈಗ ಅವನು ಮೊದಲು ಮಾಡಬೇಕಾದದ್ದು ಕೊಳ್ಳೇಗಾಲದ ಮಾಲೀಕರಿಗೆ ಬೇರೆ ಫೋನಿನಿಂದ ಕರೆ. ಆ ನಂಬರ್ ಹಾಳೆಯ ಮೇಲೆ ದಪ್ಪಕ್ಷರದಲ್ಲಿರಬೇಕು. ಮಾಲೀಕರು ಸಿಗದಿದ್ದರೆ ಯಾರಿಗೆ ಎಂಬುದೂ ಇರಬೇಕು.

ಆಮೇಲೆ ##002# ಒತ್ತಿ ಫಾರ್ವರ್ಡ್ ರದ್ದು ಮಾಡುವುದು, ವಾಟ್ಸ್‌ಆ್ಯಪ್‌ಗೆ ಅದೇ ನಂಬರಿನಿಂದ ಮತ್ತೆ ಲಾಗಿನ್ ಆಗುವುದು. ಇನ್ನೊಬ್ಬರು ಅಷ್ಟರಲ್ಲೇ ಗಿರಾಕಿಗಳಿಗೆ "ನಮ್ಮ ಹೆಸರಲ್ಲಿ ದುಡ್ಡು ಕೇಳಿದರೆ ಹಾಕಬೇಡಿ" ಎಂದು ಕರೆ ಮಾಡಿ ತಿಳಿಸಬೇಕು. ಯಾರಾದರೂ ಅಷ್ಟರಲ್ಲಿ ಹಣ ಹಾಕಿಬಿಟ್ಟಿದ್ದರೆ ಅವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮತ್ತು ತಮ್ಮ ಬ್ಯಾಂಕಿಗೆ ಕರೆ ಮಾಡಬೇಕು. ಹಣ ವಂಚಕರ ಖಾತೆಯಿಂದ ಮುಂದಕ್ಕೆ ಹರಿಯುವ ಮೊದಲು ತಡೆಹಿಡಿಸುವ ದಾರಿ ಅದು. ದೂರನ್ನು cybercrime.gov.in ತಾಣದಲ್ಲಿ ದಾಖಲಿಸಿ, ಸ್ಕ್ರೀನ್‌ಶಾಟ್‌ಗಳ ಸಮೇತ ಪೊಲೀಸ್ ಠಾಣೆಗೆ ಹೋಗಬಹುದು. ಜಿಲ್ಲೆಯ ಸೈಬರ್ ಅಪರಾಧದ ಸಿಇಎನ್ ಠಾಣೆ ಚಾಮರಾಜನಗರದಲ್ಲಿದೆ. ಗಾಬರಿಯಲ್ಲಿ ಫೋನನ್ನು ರೀಸೆಟ್ ಮಾಡಿಸಿದರೆ ಸಾಕ್ಷಿಯೂ ಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಇಂಥ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ incident@cert-in.org.in ವಿಳಾಸಕ್ಕೆ ತಿಳಿಸಬೇಕು.

ಅಂಗಡಿಯ ಖಾತೆಯಿಂದಲೇ ಹಣ ಹೋಗಿದ್ದರೆ ಹೊತ್ತಿನ ಬೆಲೆ ಇನ್ನೂ ಹೆಚ್ಚು. ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ ನಮ್ಮವರೇ ಒಟಿಪಿ ಕೊಟ್ಟಂಥ ಅಜಾಗರೂಕತೆಯಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. 11.10ಕ್ಕೆ ಹೇಳಬೇಕಾದದ್ದನ್ನು ಭಯದಿಂದ ಸಂಜೆಗೆ ಹೇಳಿದರೆ ನಡುವಿನ ಪ್ರತಿ ರೂಪಾಯಿಯೂ ಅಂಗಡಿಯ ತಲೆಗೆ.

ತಪ್ಪಿದರೆ ಏನು?

ಹುಡುಗ ಯಾಕೆ ಮುಚ್ಚಿಡುತ್ತಾನೆ? ಸಂಬಳ ಹಿಡಿಯುತ್ತಾರೆ ಎಂಬ ಹೆದರಿಕೆಗೆ. ಹಾಗಾಗಿ ಶಿಕ್ಷೆಯ ಭಾಗವನ್ನು ಜಾಣತನದಿಂದ ಬರೆಯಬೇಕು. ಮೋಸಹೋಗಿ ಕೂಡಲೇ ತಿಳಿಸಿದವರಿಗೆ ಶಿಕ್ಷೆಯಿಲ್ಲ, ಅರ್ಧ ದಿನ ಕೂರಿಸಿ ಮತ್ತೆ ಕಲಿಸುವುದು ಮಾತ್ರ. ಲಾಗಿನ್ ಹಂಚಿಕೊಂಡರೆ ಮೊದಲು ಲಿಖಿತ ಎಚ್ಚರಿಕೆ, ಮತ್ತೆ ಮಾಡಿದರೆ ಆ ಲಾಗಿನ್ ವಾಪಸ್. ಗೊತ್ತಿದ್ದೂ ಮುಚ್ಚಿಟ್ಟರೆ ವಿಚಾರಣೆ. ಸಂಬಳದಲ್ಲಿ ನಷ್ಟ ಹಿಡಿಯುವುದು ಮಾಲೀಕರ ಇಷ್ಟಕ್ಕೆ ಬಿಟ್ಟದ್ದಲ್ಲ, ನೌಕರನಿಗೆ ಕಾರಣ ಹೇಳಲು ಅವಕಾಶ ಕೊಡಲೇಬೇಕೆಂದು ವೇತನ ಕಾನೂನು ಹೇಳುತ್ತದೆ. ಬೇಕೆಂದೇ ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಮೋಸ ಮಾಡಿದರೆ ಅದು ಪೊಲೀಸರ ವಿಷಯ. ಐಟಿ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಮಾಲೀಕರ ಮಗ ಅಂಗಡಿ ಕಂಪ್ಯೂಟರಿನಲ್ಲಿ ಪುಕ್ಕಟೆ ಸಿನಿಮಾ ಇಳಿಸಿಕೊಂಡರೂ ಇದೇ ಹಾಳೆ ಅನ್ವಯ. ಅವನಿಗೆ ರಿಯಾಯಿತಿ ಕೊಟ್ಟ ದಿನವೇ ಉಳಿದವರು ಹಾಳೆಯನ್ನು ಮರೆಯುತ್ತಾರೆ.

ಕೊನೆಯ ಸಾಲು ಕೆಲಸ ಬಿಡುವವರದು. ಲೆಕ್ಕ ಚುಕ್ತಾ ಮಾಡುವ ದಿನ ಇ-ವೇ ಬಿಲ್‌ನ ಸಬ್-ಯೂಸರ್ ಅನ್ನು ಫ್ರೀಜ್ ಮಾಡಬೇಕು, ಟ್ಯಾಲಿಯ ಹೆಸರು ತೆಗೆಯಬೇಕು, ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಗಿಡಬೇಕು, ವೈಫೈ ಪಾಸ್‌ವರ್ಡ್ ಬದಲಿಸಬೇಕು. ಬ್ಯಾಂಕ್ ಖಾತೆಗೆ ಅವರ ಮೊಬೈಲ್ ನಂಬರ್ ಕೊಟ್ಟಿದ್ದರೆ ಅಂದೇ ಬ್ಯಾಂಕಿನ ಶಾಖೆಗೆ ಹೋಗಿ ಅದನ್ನು ಬದಲಿಸಲು ಅರ್ಜಿ ಕೊಡಿ.