ದೈವದ ಮುನಿಸು, ಹೆಲಿಕಾಪ್ಟರಿನ ಮಳೆ: ಪಡ್ರೆಯ ಕಥೆಯನ್ನು ಬರೆಯುವುದು ಹೇಗೆ?

ಊರಿಗೊಂದು ವಿಚಿತ್ರ ಕಾಯಿಲೆ ಬರುತ್ತದೆ, ಅಜ್ಜಿ ಹರಕೆ ಹೊರುತ್ತಾಳೆ, ಪಟ್ಟಣದಲ್ಲಿ ಓದಿದ ಮೊಮ್ಮಗ ನಗುತ್ತಾನೆ, ಕೊನೆಗೆ ವೈದ್ಯರು ಬಂದು ಗುಳಿಗೆ ಕೊಡುತ್ತಾರೆ. ಕಥಾರಚನೆಯ ಪತ್ರಿಕೆಗೆ ಉತ್ತರ ಬರೆಯುವ ವಿದ್ಯಾರ್ಥಿಗಳಲ್ಲಿ ಹಲವರು ಹಿಡಿಯುವ ದಾರಿ ಇದು. ಇದರಲ್ಲಿ ಸಂಘರ್ಷವೇ ಇಲ್ಲ. ಯಾರು ಗೆಲ್ಲಬೇಕೆಂಬುದು ಮೊದಲ ವಾಕ್ಯದಲ್ಲೇ ನಿಶ್ಚಯವಾಗಿದೆ. ಇದಕ್ಕೆ ಪ್ರತಿಯಾಗಿ, ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಪ್ರಸಂಗವನ್ನು ಎದುರಿಗಿಟ್ಟುಕೊಂಡು ನೋಡೋಣ.

ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರ ಪರಿಸರದ ನೆಲದ ರೂಪವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮುರಕಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಪು. ಗುಡ್ಡದ ಬುಡದಲ್ಲಿ ಮನೆ, ಅಡಿಕೆ ತೋಟ, ಸುರಂಗ, ತೋಡು. ಗೇರಿನ ಚಿಗುರನ್ನು ಹೀರುವ ಟೀ ಸೊಳ್ಳೆ ಕೀಟವನ್ನು ಕೊಲ್ಲಲೆಂದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ವರ್ಷಕ್ಕೆ ಎರಡು ಮೂರು ಬಾರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ನಿಂತದ್ದು 2000ದ ಕೊನೆಯ ಸಿಂಪಡಣೆಯ ಬಳಿಕ. ಮರದ ತುದಿಗೆ ತೀರ ಹತ್ತಿರದಲ್ಲಿ ಹಾರಬೇಕು, ನೀರಿನ ಆಸರೆಗಳನ್ನು ಮುಚ್ಚಬೇಕು ಎಂಬ ನಿಯಮವಿತ್ತು. ಏರುತಗ್ಗಿನ ಗುಡ್ಡದ ಮೇಲೆ ಅಷ್ಟು ಕೆಳಗೆ ಹಾರುವುದೆಂತು? ಹರಿಯುವ ತೋಡಿಗೆ ಮುಚ್ಚಳ ಹಾಕುವುದೆಂತು?

ಅಂಗವೈಕಲ್ಯವುಳ್ಳ ಕರುಗಳು ಹುಟ್ಟಿದ್ದನ್ನು ಪತ್ರಕರ್ತರಾದ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲೇ ಗಮನಿಸಿ ಬರೆದರು. ಅಲ್ಲಿಯೇ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಕಿರಿದಾದ ಒಂದು ಪ್ರದೇಶದೊಳಗೆ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್‌ಗಳು ಒತ್ತೊತ್ತಾಗಿ ಕಾಣುತ್ತಿರುವುದನ್ನು ಗುರುತಿಸಿ, ತಮ್ಮ ವೃತ್ತಿಬಾಂಧವರ ಸಹಾಯ ಕೇಳಿದರು. ಇದು ಜಟಾಧಾರಿ ದೈವದ ಮುನಿಸು ಎಂದು ನಂಬಿದವರೂ ಊರಿನಲ್ಲಿದ್ದರು.

ಕಥೆಗಾರನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ‘ಮುನಿಸು’ ಎಂದವರು ಏನನ್ನು ಕಂಡಿದ್ದರು? ಕಾಯಿಲೆ ಎಲ್ಲ ಊರುಗಳಲ್ಲಿಲ್ಲ, ಈ ನೆಲದಲ್ಲಿದೆ ಎಂಬುದನ್ನು ಕಂಡಿದ್ದರು. ಅದು ಮನುಷ್ಯರಿಗಷ್ಟೇ ಅಲ್ಲ, ದನಕ್ಕೂ ಜೇನಿಗೂ ತಟ್ಟಿದೆ ಎಂಬುದನ್ನು ಕಂಡಿದ್ದರು. ಎಲ್ಲಿಯೋ ಒಂದು ಮರ್ಯಾದೆ ಮೀರಿದೆ ಎಂದು ಊಹಿಸಿದ್ದರು. ಕಾರಣದ ಹೆಸರು ತಪ್ಪಿರಬಹುದು; ನೋಟ ತಪ್ಪಿರಲಿಲ್ಲ. ಆದರೆ ಅದೇ ನಂಬಿಕೆ ಮಾಡಿದ ಕೇಡನ್ನು ಮರೆಸಿ ಬರೆದರೆ ಅದೂ ಅಪ್ರಾಮಾಣಿಕತೆಯೇ. ಶಾಪವೆಂದ ಕೂಡಲೇ ಮನೆಗೆ ಕಳಂಕ ಹತ್ತುತ್ತದೆ, ಮಗುವನ್ನು ಒಳಕೋಣೆಯಲ್ಲಿಡುತ್ತಾರೆ, ಅಕ್ಕನ ಮದುವೆ ಮುರಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಶಾಪದ ಮೇಲೆ ಯಾರೂ ದೂರು ಕೊಡಲಾರರು.

ಇನ್ನೊಂದು ಪಕ್ಷವಾದ ವಿಜ್ಞಾನವೂ ಒಂದೇ ದನಿಯಲ್ಲಿ ಮಾತಾಡಲಿಲ್ಲ. ಸಿಂಪಡಣೆ ನಿರಪಾಯವೆಂದವರೂ ವಿಜ್ಞಾನದ ಹೆಸರಿನಲ್ಲೇ ಹಾಗೆಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳಲ್ಲಿ ವಿಷದ ಶೇಷವನ್ನು ಕಂಡಿತು. ಕಾರ್ಪೊರೇಷನ್ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟಿತು. ಆ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತೋಪಿನ ಬುಡದ ಹಳ್ಳಿಯ 117 ಹುಡುಗರನ್ನೂ, ಸಿಂಪಡಣೆಯಿಲ್ಲದ ಇನ್ನೊಂದು ಹಳ್ಳಿಯ 90 ಹುಡುಗರನ್ನೂ ಹೋಲಿಸಿದರು. ಎಂಡೋಸಲ್ಫಾನ್ ಹುಡುಗರು ಪ್ರಾಯಕ್ಕೆ ಬರುವುದನ್ನು ತಡಮಾಡ‘ಬಹುದು’ ಎಂದು 2003ರಲ್ಲಿ ಪ್ರಕಟಿಸಿದರು. ಮಾದರಿ ಚಿಕ್ಕದೆಂಬ ಮಿತಿಯನ್ನೂ ಅವರೇ ಹೇಳಿಕೊಂಡರು. ಆ ‘ಬಹುದು’ ಎಂಬ ಪದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆಯಾಜ್ಞೆ ನೀಡಿದ್ದು 2011ರ ಮೇ ತಿಂಗಳಲ್ಲಿ. ಹೀಗಿರುವಾಗ 1985ರಲ್ಲಿ ನಡೆಯುವ ಕಥೆಯ ವೈದ್ಯನ ಬಾಯಲ್ಲಿ 2011ರ ಖಚಿತತೆಯನ್ನು ಇಡುವುದು ಕಾಲದೋಷ. ಆಗ ಅವನ ಬಳಿ ಇದ್ದದ್ದು ರೋಗಿಗಳ ಚೀಟಿಗಳು ಮತ್ತು ಒಂದು ಸಂಶಯ.

ನಿಜವಾದ ಘರ್ಷಣೆ ಇರುವುದು ಇನ್ನೂ ಒಳಗೆ. 117 ಮತ್ತು 90ರ ಹೋಲಿಕೆ ಒಂದು ಗುಂಪಿನ ಕುರಿತು ಮಾತಾಡಬಲ್ಲದು. ತಾಯಿ ಕೇಳುವುದು ಗುಂಪಿನ ಪ್ರಶ್ನೆಯನ್ನಲ್ಲ. ಒಂದೇ ತೋಡಿನ ನೀರು ಕುಡಿದ ನೆರೆಮನೆಯ ಮಗು ಓಡಾಡುತ್ತಿದೆ, ನನ್ನದೇಕೆ ಮಲಗಿದೆ ಎಂದು ಅವಳು ಕೇಳುತ್ತಾಳೆ. ಜೋಯಿಸರಲ್ಲಿ ಪ್ರಶ್ನೆ ಇಟ್ಟರೆ ಅದಕ್ಕೊಂದು ಉತ್ತರ ಸಿಗುತ್ತದೆ, ಮಾಡಲೊಂದು ಕೆಲಸವೂ ಸಿಗುತ್ತದೆ: ತಂಬಿಲವೋ ಹರಕೆಯೋ. ವೈದ್ಯನಿಗೆ ಆ ಉತ್ತರ ಗೊತ್ತಿಲ್ಲ. ಗೊತ್ತಿಲ್ಲವೆನ್ನುವುದೇ ಅವನ ಪ್ರಾಮಾಣಿಕತೆ. ಕೇಳುವವಳಿಗೆ ಅದೇ ನಿಷ್ಕರುಣೆ. ಕಥೆ ಇಲ್ಲಿ ಹುಟ್ಟುತ್ತದೆ.

ಒಂದು ಕರಡನ್ನು ನೋಡಿ: “ಮೂಢನಂಬಿಕೆಯಲ್ಲಿ ಮುಳುಗಿದ್ದ ಮುದುಕಿಗೆ ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಇದು ದೈವದ ಕೋಪವಲ್ಲ, ವಿಷದ ಪರಿಣಾಮ. ಮುದುಕಿ ಬೆಪ್ಪಾಗಿ ನೋಡಿದಳು.” ಮೂರು ವಾಕ್ಯ, ಮೂರು ತೀರ್ಪು. ‘ಮೂಢ’, ‘ತಾಳ್ಮೆ’, ‘ಬೆಪ್ಪು’ ಎಂಬ ಪದಗಳು ಯಾರ ಕಣ್ಣಿನವು? ಪಾತ್ರಗಳದ್ದಲ್ಲ, ಲೇಖಕನವು. ಅದನ್ನೇ ಹೀಗೆ ತಿದ್ದಬಹುದು:

“ತಂಬಿಲ ಕೊಟ್ಟಾಯ್ತು, ಡಾಕ್ಟ್ರೇ. ಇನ್ನೆಂತ ಬಾಕಿ ಉಂಟು?”

“ನೀರು ಎಲ್ಲಿಂದ ತರುವುದು, ಅಜ್ಜಿ?”

“ಸುರಂಗದ್ದು. ನನ್ನ ಅತ್ತೆ ಕಾಲದಿಂದ ಅದೇ.”

“ಹೆಲಿಕಾಪ್ಟರ್ ಬಂದ ದಿನವೂ?”

ಅಜ್ಜಿ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. “ಆ ದಿನ ನೀರಿಗೆ ವಾಸನೆ. ಮರುದಿನ ತೋಡಿನಲ್ಲಿ ಮೀನು ಬಿಳಿಚಿ ತೇಲ್ತದೆ. ಆ ಗುಡ್ಡದಲ್ಲಿ ದೈವದ ಜಾಗ ಉಂಟಲ್ಲ, ಅದರ ಮೇಲೆ ಹಾರಿಸಬಾರದಿತ್ತು.”

ವೈದ್ಯರು ಬರೆದುಕೊಂಡರು: ವಾಸನೆ. ಮೀನು. ಮರುದಿನ.

“ಹಾಗಾದ್ರೆ ಇವನು ನಡೀತಾನಾ?”

ಅವರು ಪೆನ್ನಿನ ಮುಚ್ಚಳ ಹಾಕಿದರು.

ಇಲ್ಲಿ ಅಜ್ಜಿ ತನ್ನ ನಂಬಿಕೆಯನ್ನು ಬಿಟ್ಟಿಲ್ಲ, ವೈದ್ಯರು ಅದನ್ನು ಒಪ್ಪಿಲ್ಲ. ಆದರೂ ಅವರ ಟಿಪ್ಪಣಿಯಲ್ಲಿರುವುದೆಲ್ಲ ಅವಳು ಕೊಟ್ಟ ಸಾಕ್ಷ್ಯ. ಅವಳ ಕೊನೆಯ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ, ತಂಬಿಲದಿಂದಲೂ ಮಗು ನಡೆದಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಅಜ್ಜಿಗೆ ಮಾತ್ರ ಆಡುಮಾತು, ವೈದ್ಯರಿಗೆ ಗ್ರಂಥಭಾಷೆ ಎಂದು ಹಂಚಿದರೆ, ತಿರಸ್ಕಾರದ ಒಂದು ಪದವಿಲ್ಲದೆಯೂ ಅಪಹಾಸ್ಯ ನುಸುಳುತ್ತದೆ. ಪಡ್ರೆಯಂತಹ ಊರಿನಲ್ಲಿ ಅವರಿಬ್ಬರೂ ಬಹುಶಃ ತುಳುವಿನಲ್ಲೇ ಮಾತಾಡುತ್ತಿದ್ದರು. ನಾವು ಕನ್ನಡದಲ್ಲಿ ಬರೆಯುವಾಗ ಇಬ್ಬರನ್ನೂ ಒಂದೇ ಮೆಟ್ಟಿಲ ಮೇಲೆ ಕೂರಿಸಬೇಕು. ದೈವ, ತಂಬಿಲ, ಕೋಲ ಮುಂತಾದ ಪದಗಳಿಗೆ ಉದ್ಧರಣ ಚಿಹ್ನೆ ಹಾಕುವುದೂ ದೂರ ಸರಿದು ನಿಲ್ಲುವ ಒಂದು ಬಗೆಯೇ. ಎಂಡೋಸಲ್ಫಾನಿಗೆ ಹಾಕದ ಚಿಹ್ನೆ ತಂಬಿಲಕ್ಕೇಕೆ?

ಪ್ರಯೋಗಾಲಯದ ವರದಿ ಬಂದೊಡನೆ ಕಥೆಯನ್ನು ಮುಗಿಸುವ ಆತುರವೂ ಬೇಡ. ವರದಿ ಬಂದ ಸಂಜೆ ಆ ಮನೆಯಲ್ಲಿ ಏನು ನಡೆಯಿತೆಂದು ಬರೆಯಿರಿ. ಅದೇ ಸುರಂಗದ ನೀರನ್ನು ಒಲೆಯ ಮೇಲಿಡಬೇಕು, ಬೇರೆ ನೀರಿಲ್ಲ.