ಕೋಡ್ ಒಂದೇ, ಫ್ಲ್ಯಾಟ್ ನಂಬರ್ ಮರೆಯಬೇಡಿ

ಇಲ್ಲಿ ಸೇರಿರುವ ಪೋಷಕರಲ್ಲಿ ಸುಳ್ಯ, ಕಡಬ ಕಡೆಯವರು ಬಹಳ ಮಂದಿ ಇದ್ದೀರಿ. ಮಕ್ಕಳ ಓದಿಗೆಂದು ತಾಯಿ-ಮಕ್ಕಳು ಪುತ್ತೂರಿನ ಫ್ಲ್ಯಾಟಿನಲ್ಲಿ, ತಂದೆ ಊರಿನ ಅಡಿಕೆ ತೋಟದಲ್ಲಿ. ಹಾಗಾಗಿ ಮೇಂಟೆನೆನ್ಸ್ ಕಟ್ಟುವವರು ಒಬ್ಬರು, ಫ್ಲ್ಯಾಟ್ ಇನ್ನೊಬ್ಬರ ಹೆಸರಿನಲ್ಲಿ. ನಮ್ಮ ಲೆಕ್ಕ ತಪ್ಪುವುದು ಅಲ್ಲೇ.

ಲಿಫ್ಟಿನ ಪಕ್ಕ ಅಂಟಿಸಿರುವ ಕ್ಯೂಆರ್ ಕೋಡಿನ ಒಳಗೆ ಇರುವುದು ಹೆಚ್ಚುಕಡಿಮೆ ಇಷ್ಟೇ:

```
upi://pay?pa=sangha@bank&pn=Sangha
```

ಯಾರಿಗೆ ಹಣ ಹೋಗಬೇಕು ಎಂಬ ವಿಳಾಸ, ಮತ್ತೆ ಹೆಸರು. ಕೊಡುವವರು ಯಾವ ಫ್ಲ್ಯಾಟಿನವರು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಮೊತ್ತವನ್ನೂ ನೀವೇ ಹಾಕಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಐದನೇ ತಾರೀಕಿಗೆ 1,500 ರೂಪಾಯಿ ಎರಡು ಸಲ ಜಮೆಯಾಯಿತು ಎಂದಿಟ್ಟುಕೊಳ್ಳಿ. ಒಂದು 204ರದ್ದು, ಇನ್ನೊಂದು 302ರದ್ದು. 204 ಇರುವುದು ಅಮ್ಮನ ಹೆಸರಿನಲ್ಲಿ, ಕಟ್ಟಿದ್ದು ಕಡಬದಿಂದ ಅಪ್ಪ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಅಪ್ಪನ ಖಾತೆಯ ಹೆಸರು. ಖಜಾಂಚಿಯವರು ಆ ಹೆಸರನ್ನು ರಿಜಿಸ್ಟರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. 204 ಬಾಕಿ ಪಟ್ಟಿಗೆ ಹೋಗುತ್ತದೆ, ಆಮೇಲೆ ಜಗಳ. ಆದ್ದರಿಂದ ಮೊತ್ತದ ಕೆಳಗಿನ ನೋಟ್ ಜಾಗದಲ್ಲಿ ‘204 ಜೂನ್’ ಎಂದು ಬರೆಯಿರಿ. ಕೆಲವು ಸ್ಟೇಟ್‌ಮೆಂಟಿನಲ್ಲಿ ನೋಟ್ ಬರುವುದೇ ಇಲ್ಲ. ಅದಕ್ಕೆ ಹಣ ಹೋದ ಮೇಲೆ ಕಾಣುವ 12 ಅಂಕೆಯ ಯುಟಿಆರ್ ನಂಬರನ್ನು ಫ್ಲ್ಯಾಟ್ ನಂಬರಿನ ಜೊತೆ ಖಜಾಂಚಿಯವರಿಗೆ ಕಳುಹಿಸಿ. ಸ್ಕ್ರೀನ್‌ಶಾಟ್ ಒಂದೇ ಸಾಕೆಂದು ನಾನು ಒಪ್ಪುವುದಿಲ್ಲ. ಯಾರು ಬೇಕಾದರೂ ತಿದ್ದಬಹುದು. ಯುಟಿಆರ್ ಆದರೆ ಸ್ಟೇಟ್‌ಮೆಂಟಿಗೆ ತಾಳೆ ಹಾಕಬಹುದು.

ಊರಲ್ಲಿರುವವರು ಕೋಡಿನ ಫೋಟೋ ತರಿಸಿಕೊಂಡು ಗ್ಯಾಲರಿಯಿಂದ ಸ್ಕ್ಯಾನ್ ಮಾಡಬಹುದು. ಹಾಗೆ ಮಾಡಿದಾಗ ಕೆಲವೊಮ್ಮೆ ದೊಡ್ಡ ಮೊತ್ತ ಹೋಗುವುದಿಲ್ಲ. ಆಗ ಕೋಡಿನ ಕೆಳಗಿರುವ ಯುಪಿಐ ಐಡಿ ಟೈಪ್ ಮಾಡಿ. ಹೇಗೆ ಕಟ್ಟಿದರೂ ಪಿನ್ ಒತ್ತುವ ಮೊದಲು ಪರದೆಯಲ್ಲಿ ಸಂಘದ ಹೆಸರೇ ಬಂದಿದೆಯೇ ನೋಡಿ. ಗೋಡೆಯ ಕೋಡಿನ ಮೇಲೆ ಇನ್ನೊಂದನ್ನು ಅಂಟಿಸುವುದು ಕಷ್ಟದ ಕೆಲಸವೇನಲ್ಲ.

ಸುಬ್ರಹ್ಮಣ್ಯದ ಕಡೆ ಮಳೆಗಾಲದಲ್ಲಿ ಸಿಗ್ನಲ್ ಹೇಗೆಂದು ನಿಮಗೇ ಗೊತ್ತು. ಖಾತೆಯಿಂದ ಹಣ ಕಡಿತವಾಗಿ ‘ಪೆಂಡಿಂಗ್’ ಎಂದು ನಿಂತರೆ ಗಾಬರಿಯಿಂದ ಮತ್ತೊಮ್ಮೆ ಕಟ್ಟಬೇಡಿ. ವ್ಯಾಪಾರಿ ಖಾತೆಯ ಕೋಡಿಗೆ ಹೋದ ಹಣಕ್ಕೆ ಖಚಿತತೆ ಸಿಗದಿದ್ದರೆ ಐದು ದಿನದೊಳಗೆ ಅದು ವಾಪಸ್ ಬರಬೇಕೆಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಬಾರದಿದ್ದರೆ ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಯುಟಿಆರ್ ಹೇಳಿ.

ಫೋನ್ ಮಕ್ಕಳ ಕೈಯಲ್ಲಿ ಇರುವ ಮನೆಯವರು ಇದೊಂದನ್ನು ಹೇಳಿಕೊಡಿ: ‘ಮೇಂಟೆನೆನ್ಸ್ ಜಾಸ್ತಿ ಬಂದಿದೆ, ವಾಪಸ್ ಕೊಡುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕು’ ಎಂದು ಯಾರು ಕರೆ ಮಾಡಿದರೂ ಫೋನ್ ಇಟ್ಟುಬಿಡಬೇಕು. ಹಣ ಬರುವುದಕ್ಕೆ ಪಿನ್ ಬೇಡ. ಮೋಸವಾಗಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.