ಶಿಖರ ಒಂದು, ಎತ್ತರ ಎರಡು

ಹನುಮಂತನಗರದ ಓದುಗರ ಪ್ರಶ್ನೆ: ಮಧ್ಯಾಹ್ನ ಕುಮಾರ ಪರ್ವತದ ತುದಿಯಲ್ಲಿ ಫೋನಿನ ಜಿಪಿಎಸ್ 1,625 ಮೀಟರ್ ತೋರಿಸಿತು, ಬೆಳಗ್ಗೆ ಸರಿಹೊಂದಿಸಿದ್ದ ಬ್ಯಾರೋಮೀಟರ್ ವಾಚು 1,740. ಯಾವುದನ್ನು ನಂಬಲಿ?

ಶಿಖರದ ಎತ್ತರ 1,712 ಮೀಟರ್. ಜಿಪಿಎಸ್ ಅಳೆಯುವುದು ಭೂಮಿಯ ಗಣಿತದ ಮಾದರಿಯಿಂದ; ನಮ್ಮ ಕಡೆ ಸಮುದ್ರಮಟ್ಟ ಅದಕ್ಕಿಂತ ಸುಮಾರು 85–90 ಮೀಟರ್ ಕೆಳಗಿದೆ. ನಿಮ್ಮ ಆ್ಯಪ್ ಈ ವ್ಯತ್ಯಾಸವನ್ನು ಕೂಡಿಸಿದಂತಿಲ್ಲ. ಸೆಟ್ಟಿಂಗ್ಸ್‌ನಲ್ಲಿ `MSL` ಆಯ್ಕೆ ಇದ್ದರೆ ಆನ್ ಮಾಡಿ.

ವಾಚು ನೋಡುವುದು ಗಾಳಿಯ ಒತ್ತಡವನ್ನು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಅದು ಸಹಜವಾಗಿಯೇ ಸುಮಾರು 3 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಕೂತಲ್ಲೇ 30 ಮೀಟರ್ ಹತ್ತಿದ ಲೆಕ್ಕ!

ಎಷ್ಟು ಹತ್ತಿದಿರಿ ಎಂಬುದಕ್ಕೆ ವಾಚನ್ನೇ ನಂಬಿ; ನಕ್ಷೆಯಲ್ಲಿ ಎತ್ತರ ನಮೂದಾದ ಜಾಗ ಸಿಕ್ಕಾಗಲೆಲ್ಲ ಸರಿಹೊಂದಿಸಿ. ದಾರಿ ತಪ್ಪಿದರೆ ಮಾತ್ರ ಫೋನಿನ ಅಕ್ಷಾಂಶ-ರೇಖಾಂಶವೇ ಮುಖ್ಯ. ನಿಂತಲ್ಲೇ ವಾಚಿನ ಅಂಕಿ ಜಿಗಿದಾಡಿದರೆ ಸೆನ್ಸರ್ ರಂಧ್ರದಲ್ಲಿ ಬೆವರು, ಮಣ್ಣು ಕಟ್ಟಿದೆಯೇ ನೋಡಿ; ಶುಚಿ ಮಾಡಿದರೂ ನಿಲ್ಲದಿದ್ದರೆ ಸರ್ವಿಸ್ ಸೆಂಟರ್‌ಗೆ ಕೊಡಿ.